ಬೆಡಾಕ್ವಿಲಿನ್ ಮತ್ತು ಇಸಿಜಿ ಚೀಟಿಯ ಮೇಲಿನ 516

"ಮಾಮೂಲಿ ಔಷಧಿಗೆ ಬಗ್ಗದ ಎಂಡಿಆರ್ ಟಿಬಿಗೆ ಬೆಡಾಕ್ವಿಲಿನ್ ತಗೊಳ್ತಿದ್ದಾರೆ. ಇಸಿಜಿಯಲ್ಲಿ ಕ್ಯೂಟಿಸಿ 516 ಬಂದಿದೆ. ಮಾತ್ರೆ ನಿಲ್ಲಿಸಬೇಕಾ?"

ನೀವಾಗಿಯೇ ನಿಲ್ಲಿಸಬೇಡಿ. ಚೀಟಿಯನ್ನು ಅದೇ ದಿನ ವೈದ್ಯರಿಗೆ ತೋರಿಸಿ, ಆ ಸಂಖ್ಯೆ ಯಾವ ಸೂತ್ರದ್ದು ಎಂದು ಕೇಳಿ.

ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ಸಿದ್ಧವಾಗಲು ಅದರ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹರಿಯಬೇಕು. ಬೆಡಾಕ್ವಿಲಿನ್, ಅದರಲ್ಲೂ ಅದು ದೇಹದಲ್ಲಿ ಒಡೆದು ಆಗುವ ಎಂ2 ಎಂಬ ವಸ್ತು, ಈ ದಾರಿಯನ್ನು ಕಿರಿದು ಮಾಡುತ್ತದೆ. ಆಗ ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದರೆ ಬಡಿತ ಶುರುವಾಗಿ ಹೃದಯ ಮತ್ತೆ ಸಿದ್ಧವಾಗುವವರೆಗಿನ ಸಮಯ, ಉದ್ದವಾಗುತ್ತದೆ. ತೀರಾ ಉದ್ದವಾದರೆ ಬಡಿತದ ಲಯ ತಪ್ಪಿ ಜೀವಕ್ಕೇ ಅಪಾಯ. ನಾಲ್ಕು ಔಷಧಿಗಳ, ಆರು ತಿಂಗಳ ಬಿಪಾಲ್-ಎಂ ಚಿಕಿತ್ಸೆಯಲ್ಲಿ ಜೊತೆಗಿರುವ ಮಾಕ್ಸಿಫ್ಲಾಕ್ಸಾಸಿನ್ ಕೂಡ ಇದನ್ನೇ ಮಾಡುತ್ತದೆ. ಉಳಿದೆರಡು, ಪ್ರಿಟೋಮನಿಡ್ ಮತ್ತು ಲಿನೆಜೋಲಿಡ್, ಈ ವಿಷಯದಲ್ಲಿ ಅಷ್ಟು ತೊಂದರೆ ಕೊಡುವುದಿಲ್ಲ.

ಹೃದಯ ಬೇಗ ಬಡಿದಾಗ ಕ್ಯೂಟಿ ತಾನಾಗಿಯೇ ಕುಗ್ಗುವುದರಿಂದ ಬಡಿತಕ್ಕೆ ತಕ್ಕಂತೆ ಅದನ್ನು ಸರಿಪಡಿಸಿ ಓದಬೇಕು; ಹಾಗೆ ಸರಿಪಡಿಸಿದ ಸಂಖ್ಯೆಯೇ ಕ್ಯೂಟಿಸಿ. ಬಹಳಷ್ಟು ಯಂತ್ರಗಳು ಬಝೆಟ್ ಸೂತ್ರ ಬಳಸುತ್ತವೆ. ನಾಡಿ ಜೋರಿದ್ದಾಗ ಅದು ಸಂಖ್ಯೆಯನ್ನು ಉಬ್ಬಿಸುತ್ತದೆ; ಜ್ವರ, ರಕ್ತಹೀನತೆ ಇರುವ ಟಿಬಿ ರೋಗಿಯ ನಾಡಿ ಜೋರಾಗಿರುವುದೇ ಹೆಚ್ಚು. ಹಾಗಾಗಿ ಇಲ್ಲಿ ಫ್ರಿಡೆರಿಸಿಯಾ ಸೂತ್ರವೇ ಬೇಕು:

```
QTcF = QT / ∛RR
```

ನಾಡಿ 100 ಎಂದುಕೊಳ್ಳಿ. ಎರಡು ಬಡಿತಗಳ ನಡುವಿನ ಅಂತರ, ಅಂದರೆ ಸೂತ್ರದಲ್ಲಿರುವ RR, 0.6 ಸೆಕೆಂಡ್; ಕಾಗದದ ಮೇಲೆ 15 ಚಿಕ್ಕ ಚೌಕ. ಅಳೆದ ಕ್ಯೂಟಿ 400 ಮಿಲಿಸೆಕೆಂಡ್. ಬಝೆಟ್ ಪ್ರಕಾರ 516, ಫ್ರಿಡೆರಿಸಿಯಾ ಪ್ರಕಾರ 474. ಮೊದಲನೆಯದನ್ನು ನಂಬಿದರೆ ಒಳ್ಳೆಯ ಔಷಧಿಯೊಂದು ಸುಮ್ಮನೆ ಕೈತಪ್ಪುತ್ತದೆ. ಬಿಪಾಲ್-ಎಂನಿಂದ ಮಾಕ್ಸಿಫ್ಲಾಕ್ಸಾಸಿನ್ ಬಿಟ್ಟು ಮುಂದುವರಿಯಬಹುದು. ಬೆಡಾಕ್ವಿಲಿನ್ ಬಿಟ್ಟರೆ ಇಡೀ ಚಿಕಿತ್ಸಾಕ್ರಮವನ್ನೇ ಬದಲಿಸಬೇಕು.

ಹಾಗಂತ 474 ನಿರಾಳ ಸಂಖ್ಯೆಯಲ್ಲ. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ನೋಡಿಸಬೇಕು, ಇಸಿಜಿಯನ್ನು ಬೇಗನೆ ಮತ್ತೆ ಮಾಡಿಸಬೇಕು. ವಾಂತಿ, ಭೇದಿಯಾದವರಲ್ಲಿ ಮೊದಲಿನ ಎರಡೂ ಇಳಿದಿರಬಹುದು. ಇಳಿದ ಮೆಗ್ನೀಸಿಯಂ ಸರಿಪಡಿಸದೆ ಬರೀ ಪೊಟ್ಯಾಸಿಯಂ ಸಿರಪ್ ಕುಡಿಸಿದರೆ ಪೊಟ್ಯಾಸಿಯಂ ಸರಿಯಾಗಿ ಏರುವುದಿಲ್ಲ. ಇನ್ನೊಂದು ಎಡವಟ್ಟೂ ಇಲ್ಲೇ ಆಗುತ್ತದೆ: ವಾಂತಿಗೆಂದು ಕೊಡುವ ಒಂಡಾನ್ಸೆಟ್ರಾನ್, ಡೊಂಪೆರಿಡೋನ್ ಕೂಡ ಕ್ಯೂಟಿ ಉದ್ದ ಮಾಡುತ್ತವೆ. ನೆಗಡಿ-ಕೆಮ್ಮಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅಜಿತ್ರೋಮೈಸಿನ್ ಸಹ ಅದೇ ಗುಂಪಿನದು.

ಫ್ರಿಡೆರಿಸಿಯಾದಲ್ಲೇ 500 ದಾಟಿ, ಮತ್ತೆ ತೆಗೆದಾಗಲೂ ಹಾಗೇ ಬಂದರೆ ಬೆಡಾಕ್ವಿಲಿನ್ ಸೇರಿ ಕ್ಯೂಟಿ ಏರಿಸುವ ಔಷಧಿಗಳನ್ನೆಲ್ಲ ವೈದ್ಯರು ತಡೆಹಿಡಿಯುತ್ತಾರೆ. ಬೆಡಾಕ್ವಿಲಿನ್ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ನಿಲ್ಲಿಸಿದ ಮೇಲೂ ಇಸಿಜಿ ತಪ್ಪದು. ಮಾತ್ರೆಯನ್ನು ಮೊದಲ ಎರಡು ವಾರ ದಿನಕ್ಕೆ 400 ಮಿಲಿಗ್ರಾಂ, ಆಮೇಲೆ ವಾರಕ್ಕೆ ಮೂರು ದಿನ 200 ಮಿಲಿಗ್ರಾಂನಂತೆ ಕೊಡುವುದಕ್ಕೂ ಇದೇ ಕಾರಣ.

ಇಸಿಜಿಯನ್ನು ಶುರುವಿಗೆ ಮುಂಚೆ, ಎರಡು ವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ ಮಾಡಿಸಬೇಕು. ನಡುವೆ ಎದೆ ಹೊಡೆದುಕೊಂಡರೆ, ತಲೆಸುತ್ತಿ ಬಿದ್ದರೆ ಆ ತಾರೀಖಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಮಾತ್ರೆಗಳೆಲ್ಲವೂ ಕೈಯಲ್ಲಿರಲಿ.