‘ಒಂದು ಬಟನ್ ಅಷ್ಟೇ’

“ವೆಬ್‌ಸೈಟ್ ಮಾಡಿಸೋ ಕ್ಲೈಂಟ್ ಕೆಲಸದ ಮಧ್ಯೆ ಅದೂ ಬೇಕು, ಇದೂ ಬೇಕು ಅಂತಾರೆ. ಅವರಿಗೆ ಬೇಜಾರಾಗದ ಹಾಗೆ ಇಲ್ಲ ಅನ್ನೋದು ಹೇಗೆ?”

ಇಲ್ಲ ಅಂತ ಯಾಕೆ ಹೇಳಬೇಕು? ಈ ಪ್ರಶ್ನೆ ಕೇಳುವವರೆಲ್ಲ ಅಲ್ಲೇ ಎಡವುತ್ತಾರೆ. ದುಡ್ಡು ಅವರದು, ಅಂಗಡಿ ಅವರದು. ಹೊಸದನ್ನು ಕೇಳುವ ಹಕ್ಕೂ ಅವರದೇ. ಅದಕ್ಕೆ ಎಷ್ಟು ದಿನ, ಎಷ್ಟು ದುಡ್ಡು ಅಂತ ಬರೆದು ಕೊಡುವುದಷ್ಟೇ ನಮ್ಮ ಕೆಲಸ. ಚೇಂಜ್ ರಿಕ್ವೆಸ್ಟ್ ಅಂದರೆ ಅದೇ.

ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡುತ್ತಿದ್ದೆ. ಹತ್ತು ವಾರದ ಕೆಲಸ. ಐದನೇ ವಾರ ಮಾಲೀಕರ ಫೋನ್ ಬಂತು: “ಅಡ್ವಾನ್ಸ್ ಕೊಟ್ಟು ಸೀರೆ ಎತ್ತಿಡಿಸೋ ಹಾಗೆ ಮಾಡಿ. ಒಂದು ಬಟನ್ ಅಷ್ಟೇ ಅಲ್ವಾ?”

ಬಟನ್ ಎರಡು ಗಂಟೆಯ ಕೆಲಸ. ಆದರೆ ಎತ್ತಿಟ್ಟ ಸೀರೆ ಬೇರೆಯವರಿಗೆ ಮಾರಾಟ ಆಗಬಾರದು. ಎಷ್ಟು ದಿನ ಕಾಯಬೇಕು? ಗಿರಾಕಿ ಬರದೇ ಹೋದರೆ ಅಡ್ವಾನ್ಸ್ ವಾಪಸ್ಸಾ? ಉಳಿದ ದುಡ್ಡು ಕಟ್ಟೋದು ಎಲ್ಲಿ? ಮೊದಲೇ ಮುಗಿದಿದ್ದ ಸ್ಟಾಕ್ ಮತ್ತು ಪೇಮೆಂಟ್ ಭಾಗಗಳನ್ನು ಮತ್ತೆ ಟೆಸ್ಟ್ ಮಾಡಬೇಕು. ಎಲ್ಲ ಸೇರಿ 44 ಗಂಟೆ. ಜನ ಮರೆಯುವುದು ಈ ಮರುಟೆಸ್ಟಿಂಗನ್ನೇ.

ಒಂದು ಪುಟದಲ್ಲಿ ಇಷ್ಟನ್ನೂ ಬರೆದು ಮೂರು ದಾರಿ ಕೊಟ್ಟೆ. ಒಂದು, 44 ಗಂಟೆಯ ದುಡ್ಡು ಕೊಡಿ, ಸೈಟ್ ಎಂಟು ದಿನ ತಡವಾಗುತ್ತದೆ. ಎರಡು, ಇನ್ನೂ ಶುರು ಮಾಡಿರದ ಗಿಫ್ಟ್ ವೋಚರ್ ಭಾಗ ಬಿಡಿ. ಅದು 30 ಗಂಟೆ, ಹಾಗಾಗಿ 14 ಗಂಟೆಯ ದುಡ್ಡು ಮಾತ್ರ. ಮೂರು, ಸೈಟ್ ಶುರುವಾದ ಮೇಲೆ ನೋಡೋಣ. ಅವರು ವೋಚರ್ ಬಿಟ್ಟರು. ಇಮೇಲ್‌ನಲ್ಲಿ ಒಪ್ಪಿಗೆ ಬರುವ ತನಕ ನಾನು ಒಂದು ಸಾಲು ಕೋಡೂ ಬರೆಯಲಿಲ್ಲ. ಆ ಒಪ್ಪಿಗೆ ಮಾಲೀಕರದೇ ಆಗಿರಬೇಕು ಅಂತ ಮೊದಲೇ ಮಾತಾಗಿತ್ತು. ಇಲ್ಲದಿದ್ದರೆ ಮಗ ಒಂದು ಹೇಳುತ್ತಾನೆ, ಮ್ಯಾನೇಜರ್ ಇನ್ನೊಂದು.

ಸಣ್ಣದನ್ನೂ ಬರೆಯಿರಿ. ಫ್ರೀ ಆಗಿ ಮಾಡಿಕೊಟ್ಟರೂ ಬದಲಾವಣೆಗಳ ಪಟ್ಟಿಯಲ್ಲಿ ‘ಎರಡು ಗಂಟೆ, ಶುಲ್ಕವಿಲ್ಲ’ ಅಂತ ಹಾಕಿ ಕಳಿಸಿ. ಇದಕ್ಕೂ ಮುಂಚಿನ ಒಬ್ಬ ಕ್ಲೈಂಟ್‌ಗೆ ಆರು ಕೆಲಸ ಸುಮ್ನೆ ಮಾಡಿಕೊಟ್ಟಿದ್ದೆ. ಏಳನೆಯದಕ್ಕೆ ದುಡ್ಡು ಕೇಳಿದಾಗ ಅವರು ಸಿಟ್ಟಾದರು. ಅವರ ಲೆಕ್ಕದಲ್ಲಿ ಅಲ್ಲಿಯವರೆಗೆ ಏನೂ ಹೆಚ್ಚಾಗಿರಲೇ ಇಲ್ಲ.

ನೀವು ನನ್ನನ್ನು ಕೇಳಬೇಕಾದದ್ದು ಬೇರೆ: ಮೊದಲ ಒಪ್ಪಂದದಲ್ಲಿ ಏನು ಬರೆದಿರಬೇಕು? ಅದೇ ಸೀರೆ ಅಂಗಡಿಯ ಒಪ್ಪಂದದಲ್ಲಿ ನಾನು ‘ಮಾರಾಟದ ರಿಪೋರ್ಟ್‌ಗಳು’ ಅಂತಷ್ಟೇ ಬರೆದಿದ್ದೆ. ನನ್ನ ಮನಸ್ಸಿನಲ್ಲಿ ಮೂರು, ಅವರ ಮನಸ್ಸಿನಲ್ಲಿ ಹನ್ನೆರಡು. ಅದಕ್ಕೆ ಚೇಂಜ್ ರಿಕ್ವೆಸ್ಟ್ ಹಾಕಲು ನನಗೆ ಮುಖ ಇರಲಿಲ್ಲ. ಹನ್ನೆರಡನ್ನೂ ಮಾಡಿಕೊಟ್ಟೆ. ಈಗ ಪ್ರತಿ ರಿಪೋರ್ಟಿನ ಹೆಸರು ಬರೆಯುತ್ತೇನೆ. ಅದರ ಕೆಳಗೆ ‘ಇವು ಸೇರಿಲ್ಲ’ ಅಂತ ಇನ್ನೊಂದು ಪಟ್ಟಿ. ಸಹಿ ಹಾಕುವ ದಿನ ಆ ಎರಡನೇ ಪಟ್ಟಿಯನ್ನು ಅವರ ಎದುರಿಗೇ ಗಟ್ಟಿಯಾಗಿ ಓದುತ್ತೇನೆ.