ಇದನ್ನ ನಾನು ಯಾರಿಗಪ್ಪಾ ಹೇಳ್ತಿರೋದು?

"ಸರ್, ಡೈಲಾಗು ಪುಸ್ತಕದ ಥರ ಇರ್ಬಾರ್ದು, ನ್ಯಾಚುರಲ್ಲಾಗಿರ್ಬೇಕು ಅಂದ್ರೆ ಎಷ್ಟು ಪರ್ಸೆಂಟ್ ಇಂಗ್ಲಿಷ್ ಮಿಕ್ಸ್ ಮಾಡ್ಬೇಕು?"

ಪರ್ಸೆಂಟ್ ಲೆಕ್ಕ ಇಲ್ಲ ಮಾರಾಯ್ರೆ. ಸಾರಿಗೆ ಉಪ್ಪು ಹಾಕೋ ಥರ ಇಂಗ್ಲಿಷನ್ನ ಮೇಲಿಂದ ಹಾಕೋ ವಸ್ತು ಅಂದ್ಕೊಂಡಿರೋದ್ರಿಂದಾನೇ ಈ ಪ್ರಶ್ನೆ ಹುಟ್ಟೋದು, ಮತ್ತೆ ಇದನ್ನ ಕೇಳಿದಾಗೆಲ್ಲ ನಂಗೆ ಸಿಟ್ಟು ಬರುತ್ತೆ, ಯಾಕಂದ್ರೆ ಕೇಳಿದೋರು ಮನೆಗೆ ಹೋಗಿ ಅದೇ ಪುಸ್ತಕದ ವಾಕ್ಯಕ್ಕೆ ನಾಲ್ಕು ಇಂಗ್ಲಿಷ್ ಪದ ತುರುಕಿ ಕಳಿಸ್ತಾರೆ.

ಒಂದು ರೆಕಾರ್ಡಿಂಗ್ ಕಥೆ ಹೇಳ್ತೀನಿ. ಶುಗರ್ ಕಾಯಿಲೆ ಬಗ್ಗೆ ಆಡಿಯೋ ನಾಟಕ, ಹತ್ತು ನಿಮಿಷದ್ದು. ಆಸ್ಪತ್ರೆಯಿಂದ ಬಂದ ತಾಯಿ ಮಗನಿಗೆ ವಿಷಯ ಹೇಳ್ತಾಳೆ, ಇಷ್ಟೇ ಸೀನು. ಮಾಡಿಸ್ತಿದ್ದೋರು ಶುದ್ಧ ಕನ್ನಡ ಬೇಕು ಅಂದಿದ್ರು, ಹಾಗೇ ಬರೆದೆ:

"ಮಗನೇ, ನನ್ನ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚಾಗಿದೆ ಎಂದು ವೈದ್ಯರು ತಿಳಿಸಿದರು ಮತ್ತು ಒಂದು ವಾರದ ನಂತರ ಪುನಃ ಬರುವಂತೆ ಸೂಚಿಸಿದರು."

ಓದಿ ನೋಡಿ ಅವರಿಗೇ ಒಣ ಅನ್ಸಿತು. ಸ್ವಲ್ಪ ಇಂಗ್ಲಿಷ್ ಹಾಕಿ, ಈಗಿನೋರು ಹಾಗೇ ತಾನೆ ಮಾತಾಡೋದು ಅಂದ್ರು. ಹಾಕಿದೆ:

"ಮಗನೇ, ನನ್ನ ಬ್ಲಡ್‌ನಲ್ಲಿ ಶುಗರ್ ಲೆವೆಲ್ ಹೈ ಆಗಿದೆ ಎಂದು ಡಾಕ್ಟರ್ ತಿಳಿಸಿದರು ಮತ್ತು ಒನ್ ವೀಕ್ ನಂತರ ಪುನಃ ಬರುವಂತೆ ಸಜೆಸ್ಟ್ ಮಾಡಿದರು."

ತಾಯಿ ಪಾತ್ರಕ್ಕೆ ಬಂದಿದ್ದೋರು ಊರೂರು ಸುತ್ತಿ ನಾಟಕ ಮಾಡಿದ್ದ ಹಿರಿಯ ಕಲಾವಿದೆ. ಎರಡು ಸಲ ಓದಿದ್ರು, ಮೂರನೇ ಸಲ ಹಾಳೆ ಕೆಳಗಿಟ್ಟು ನನ್ ಕಡೆ ತಿರುಗಿ, "ಇದನ್ನ ನಾನು ಯಾರಿಗಪ್ಪಾ ಹೇಳ್ತಿರೋದು?" ಅಂದ್ರು. ಮಗನಿಗೆ ಅಮ್ಮಾ ಅಂದೆ. "ಮಗನಿಗಾದ್ರೆ ಹಿಂಗೆ ಹೇಳಲ್ಲ" ಅಂದು, ಹಾಳೆ ನೋಡದೇನೇ ಹೇಳಿದ್ರು:

"ಶುಗರ್ ಜಾಸ್ತಿ ಆಗಿದ್ಯಂತೆ ಕಣೋ. ಒಂದ್ ವಾರ ಬಿಟ್ಟು ಬನ್ನಿ ಅಂದ್ರು ಡಾಕ್ಟ್ರು."

ಈಗ ಆ ಪರ್ಸೆಂಟ್ ಲೆಕ್ಕ ಹಾಕೋಣ. ಮೊದಲನೇದ್ರಲ್ಲಿ ಇಂಗ್ಲಿಷ್ ಪದ ಸೊನ್ನೆ, ಎರಡನೇದ್ರಲ್ಲಿ ಎಂಟು, ಆ ಅಮ್ಮ ಹೇಳಿದ್ರಲ್ಲಿ ಎರಡು. ಸೊನ್ನೆಯೂ ಒಣ, ಎಂಟೂ ಒಣ. ಅಂದ್ರೆ ತೊಂದರೆ ಇದ್ದಿದ್ದು ಪದದಲ್ಲಲ್ಲ, ಪದ ಕೂತಿದ್ದ ವಾಕ್ಯದಲ್ಲಿ. ಎರಡನೇದ್ರಲ್ಲಿ "ಎಂದು ತಿಳಿಸಿದರು", "ಮತ್ತು", "ಬರುವಂತೆ" ಎಲ್ಲಾ ಹಾಗೇ ಕೂತಿವೆ, ನಾನು ಬರೀ ಬಟ್ಟೆ ಬದಲಾಯಿಸಿದ್ದೆ.

ಆ ಅಮ್ಮ ಏನು ಮಾಡಿದ್ರು ನೋಡಿ. "ವೈದ್ಯರು ತಿಳಿಸಿದರು" ಅನ್ನೋದು ಪೂರ್ತಿ ಹೋಯ್ತು, ಅದರ ಕೆಲಸನ ಒಂದು "ಅಂತೆ" ಮಾಡ್ತು. ಬೇರೆಯವರಿಂದ ಕೇಳಿದ್ದು ಅಂತ ತೋರ್ಸೋಕೆ ಕನ್ನಡದಲ್ಲಿ ಅಷ್ಟು ಸಣ್ಣ ಸಲಕರಣೆ ಇರೋವಾಗ ಎರಡು ಪದ ಯಾಕೆ ಬೇಕು. ಆಮೇಲೆ "ಬರುವಂತೆ ಸೂಚಿಸಿದರು" ಹೋಗಿ "ಬನ್ನಿ ಅಂದ್ರು" ಆಯ್ತು. ನಾವು ಮಾತಾಡೋವಾಗ ಬೇರೆಯವರ ಮಾತನ್ನ ವರದಿ ಮಾಡೋದು ಕಡಿಮೆ, ಅವರ ಮಾತನ್ನ ನಮ್ಮ ಬಾಯಲ್ಲಿ ಆಡಿ ತೋರಿಸಿ ಕೊನೇಲಿ ಅಂದ್ರು, ಅಂದ್ಲು, ಅಂತ ಸೇರಿಸ್ತೀವಿ. "ಮತ್ತು" ಮಾಯ, ಅಲ್ಲಿ ಒಂದು ನಿಲುಗಡೆ ಬಂತು. "ಮಗನೇ" ಅಂತ ಯಾವ ತಾಯಿ ಕರೀತಾಳೆ ಹೇಳಿ, ಅದು "ಕಣೋ" ಆಯ್ತು. ಇನ್ನೊಂದು ನಂಗೆ ತುಂಬಾ ಇಷ್ಟ ಆಗಿದ್ದು, "ಡಾಕ್ಟ್ರು" ಅನ್ನೋದು ಕ್ರಿಯಾಪದ ಆದ್ಮೇಲೆ ಬಂದಿದ್ದು. ಬರವಣಿಗೆಯಲ್ಲಿ ಕರ್ತೃ ಮೊದಲು, ಕ್ರಿಯೆ ಕೊನೆಗೆ ಅಂತ ಸ್ಕೂಲಲ್ಲಿ ಕಲಿಸ್ತಾರೆ, ಆದ್ರೆ ಮಾತಲ್ಲಿ "ಎಲ್ಲಿಟ್ಟೆ ಬೀಗದ ಕೈನ?", "ಬಂದ್ನಾ ಅವನು?" ಅಂತ ಮುಖ್ಯ ಮಾತು ಮೊದಲು ಬಿದ್ದು, ಉಳಿದದ್ದು ಹಿಂದೆ ಬರುತ್ತೆ.

ಮೊದಲು ಈ ಕೆಲಸ ಮುಗಿಸಿ. ಇಂಗ್ಲಿಷ್ ಪದ ಆಮೇಲೆ ತಾನಾಗೇ ಜಾಗ ಹುಡುಕ್ಕೊಳ್ಳುತ್ತೆ, ಯಾಕಂದ್ರೆ ಬೇರೂರಿರೋ ಪದಗಳು ಕನ್ನಡದ ಪ್ರತ್ಯಯನ ತಕರಾರಿಲ್ದೆ ಹಾಕ್ಕೊಳ್ತವೆ. ಬಸ್ಸಲ್ಲಿ, ಕಾರಲ್ಲಿ, ಆಫೀಸಿಗೆ, ನೀಟಾಗಿ. ಡಾಕ್ಟರ್ ಅನ್ನೋದು "ಡಾಕ್ಟ್ರು" ಆಗಿ ನಮ್ಮ ಗೌರವದ ಬಹುವಚನಾನೂ ಹಾಕ್ಕೊಂಡಿದೆ, ಒಬ್ರೇ ಇದ್ರೂ "ಅಂದ್ರು" ಅಂತೀವಿ. ಕ್ರಿಯೆ ಆದ್ರೆ ಪಕ್ಕದಲ್ಲಿ ಮಾಡು ಅಥವಾ ಆಗು ಬೇಕು, ಅದರಲ್ಲೂ ವ್ಯತ್ಯಾಸ ಇದೆ: "ಕ್ಯಾನ್ಸಲ್ ಮಾಡ್ದ" ಅಂದ್ರೆ ಅವನ ಮೇಲೆ ತಪ್ಪು, "ಕ್ಯಾನ್ಸಲ್ ಆಯ್ತು" ಅಂದ್ರೆ ಯಾರ ಮೇಲೂ ಇಲ್ಲ. ಕಿವಿಗೆ ಕಲ್ಲು ಬೀಳೋದು "ಎರಡು ಟಿಕೆಟ್ಸ್‌ಗಳು" ಥರದ್ದು ಬಂದಾಗ. ಇಂಗ್ಲಿಷ್ ಬಹುವಚನದ ಮೇಲೆ ಕನ್ನಡದ್ದು, ಅದೂ ಸಂಖ್ಯೆ ಮುಂದಿರೋವಾಗ. ನಾವು ಹೇಳೋದು "ಎರಡು ಟಿಕೆಟ್ ಕೊಡಿ", ಅಷ್ಟೇ. "ಒನ್ ವೀಕ್ ನಂತರ" ಅನ್ನೋದೂ ಹಾಗೇನೇ, ಒಂದು ಕಾಲು ಇಂಗ್ಲಿಷಲ್ಲಿ, ಇನ್ನೊಂದು ಗ್ರಂಥದಲ್ಲಿ.

ಟೈಪ್ ಮಾಡೋವಾಗಿನ ಒಂದು ಸಣ್ಣ ವಿಷಯ, ಆದ್ರೆ ಸ್ಟುಡಿಯೋದಲ್ಲಿ ದೊಡ್ಡದು. "ಆಫೀಸ್‌ಗೆ" ಬರೀಬೇಕಾದ್ರೆ ಸ್ ಆದ್ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಬರುತ್ತೆ, ZWNJ ಅಂತ. ಅದು ಬಿಟ್ಟುಹೋದ್ರೆ "ಆಫೀಸ್ಗೆ" ಅಂತ ಒತ್ತಕ್ಷರ ಆಗಿ ಓದೋರ ನಾಲಿಗೆ ಅಲ್ಲೇ ಎಡವುತ್ತೆ. ಹಾಗೇ ಮಾತಿನ ಥರಾನೇ ಇರ್ಲಿ ಅಂತ ಎಲ್ಲಾ ಸ್ವರ ನುಂಗಿ "ಬಂದ್ಬುಡ್ತೀನ್ಕಣ್ಲಾ" ಅಂತ ಬರೀಬೇಡಿ. ಪದ ಬಿಡಿಸಿ ಬರೀರಿ, ನುಂಗೋದು ಕಲಾವಿದರ ಕೆಲಸ. ನಾನು ಮೈಸೂರು ಕಡೆಯೋನು, ಧಾರವಾಡದ ಪಾತ್ರ ಬಂದ್ರೆ "ಮಾಡಾಕತ್ತೀನಿ" ಅಂತ ಎರಡು ಕಡೆ ಉದುರಿಸೋದಿಲ್ಲ, ಆ ಕಡೆಯವರಿಂದ ಪೂರ್ತಿ ಸೀನು ಮಾತಾಡಿಸಿ ಬರ್ಕೊಳ್ತೀನಿ.

ಆದ್ರೆ ಇದೆಲ್ಲ ರಿಪೇರಿ ಕೆಲಸ. ನನ್ನನ್ನ ಯಾರಾದ್ರೂ ಆ ಅಮ್ಮ ಕೇಳಿದ್ದನ್ನ ಕೇಳ್ಬೇಕು ಅಂತ ನಂಗಾಸೆ. ಯಾರಿಗೆ ಹೇಳ್ತಿರೋದು? ಅದೇ ತಾಯಿ ಪಕ್ಕದ್ಮನೆಯೋರಿಗೆ ಹೇಳಿದ್ರೆ "ಮುನ್ನೂರಿದ್ಯಂತೆ ರೀ!" ಅಂತ ನಂಬರ್ ಸಮೇತ ಹೇಳ್ತಾಳೆ. ಮಗ ಗಾಬರಿಯಾಗ್ತಾನೆ ಅನ್ಸಿದ್ರೆ "ಏನಿಲ್ಲ ಕಣೋ, ಸ್ವಲ್ಪ ಶುಗರ್ರಂತೆ" ಅಂತಾಳೆ. ಎರಡೂ ಆಡುಮಾತೇ. ನಾನು ಬರೆದಿದ್ದ ಮಾತು ಗ್ರಾಂಥಿಕ ಆಗಿದ್ದು ಯಾಕಂದ್ರೆ ಅದನ್ನ ಆ ತಾಯಿ ಮಗನಿಗೆ ಹೇಳ್ತಾನೇ ಇರ್ಲಿಲ್ಲ, ನಾನು ಕೇಳುಗರಿಗೆ ಹೇಳ್ತಿದ್ದೆ.

ಅವತ್ತು ಇನ್ನೊಂದು ಸಾಲೂ ಉಳಿದಿತ್ತು. "ಊಟದ ಎರಡು ಗಂಟೆಗಳ ನಂತರ ಮತ್ತೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು" ಅನ್ನೋ ಮಾಹಿತಿ ಬರಲೇಬೇಕು ಅಂತ ಪಟ್ಟು. ತೆಗೆಯೋ ಹಾಗಿಲ್ಲ, ತಿಳ್ಕೊಳ್ಳಬೇಕಾದ ವಿಷಯಾನೇ. ಇದನ್ನ ಹೇಳೋಕೆ ಆ ತಾಯಿಗೆ ಏನು ಕಾರಣ ಅಂತ ಅಲ್ಲೇ ಕೂತು ಯೋಚನೆ ಮಾಡಿದೆ. ದೂರು ಹೇಳೋಕೆ. ಹಾಳೆ ಹಿಂದೆ ಬರ್ಕೊಟ್ಟೆ:

"ತಿಂದು ಎರಡು ಗಂಟೆ ಆದ್ಮೇಲೆ ಇನ್ನೊಂದ್ ಸಲ ರಕ್ತ ತೆಗೀತಾರಂತೆ. ಅಲ್ಲಿ ತನಕ ಅಲ್ಲೇ ಕೂತಿರ್ಬೇಕಂತೆ. ಇಲ್ಲಿ ನಿಮ್ಮಪ್ಪಂಗೆ ಯಾರೋ ಊಟ ಹಾಕೋರು?"

ಆ ಅಮ್ಮ ಕನ್ನಡಕ ಸರಿ ಮಾಡ್ಕೊಂಡು ಒಂದ್ ಸಲ ಮನಸ್ಸಲ್ಲೇ ಓದ್ಕೊಂಡ್ರು. ಮೈಕ್ ಆನ್ ಮಾಡಪ್ಪ ಅಂದ್ರು, ಒಂದೇ ಟೇಕು.