ಹಬ್ಬದ ಆರ್ಡರ್: ಈ ಸಲ 32 ಕೇಕ್‌ಗೆ ನಿಲ್ಲಿಸುತ್ತೇನೆ

ಕಳೆದ ಹಬ್ಬಕ್ಕೆ ಯಾರಿಗೂ ಇಲ್ಲವೆನ್ನಲಾಗದೆ 50 ಕೇಕ್ ಒಪ್ಪಿಕೊಂಡಿದ್ದೆ. ಕೊನೆಯ ರಾತ್ರಿ ಆರುವ ಮೊದಲೇ ಡಬ್ಬಿಗೆ ಹಾಕಿ ಮುಚ್ಚಿದ ಒಂಬತ್ತು ಕೇಕ್‌ಗಳಲ್ಲಿ ಹಬೆ ನೀರಾಗಿ ಇಳಿದು, ಬೆಳಗಾಗುವಷ್ಟರಲ್ಲಿ ಮೇಲ್ಭಾಗ ಅಂಟಂಟಾಗಿತ್ತು. ಒಂಬತ್ತು ಮನೆಗಳಿಗೆ ಹಣ ಹಿಂದಿರುಗಿಸಿದೆ. ಆದ್ದರಿಂದ ಈ ಬಾರಿ ಆರ್ಡರ್ ತೆರೆಯುವ ಮೊದಲು ಓವನ್ನಿನ ಲೆಕ್ಕ ಹಾಕಿದ್ದೇನೆ.

ನನ್ನ ಓವನ್ನಿನಲ್ಲಿ ಒಮ್ಮೆಗೆ ಅರ್ಧ ಕಿಲೋದ ಎರಡು ಟಿನ್ ಹಿಡಿಸುತ್ತವೆ. ಬೇಯಲು 50 ನಿಮಿಷ, ಟಿನ್ ಬದಲಿಸಿ ಓವನ್ ಮತ್ತೆ ಕಾಯಲು ಹತ್ತು ನಿಮಿಷ. ದಿನಕ್ಕೆ ಆರು ಗಂಟೆ ಓಡಿಸಿದರೆ 12 ಕೇಕ್, ಮೂರು ದಿನಕ್ಕೆ 36. ಒಡೆಯುವುದು, ಕುಸಿಯುವುದು ಇದ್ದೇ ಇರುತ್ತದೆ ಎಂದು ನಾಲ್ಕು ಬಿಟ್ಟರೆ ಉಳಿದದ್ದು 32. ಇನ್ನೂ ಎರಡು ಗಂಟೆ ಓಡಿಸಬಹುದಲ್ಲ ಎಂದು ಮನೆಯವರು ಕೇಳಿದರು. ಓಡಿಸಬಹುದು, ಆದರೆ ಆರಿಸಲು ಜಾಲರಿ ಇಡುವ ಮೇಜು ಒಂದೇ ಇದೆ.

ಹಣ್ಣಿನ ಕೇಕ್‌ನ ಆರ್ಡರ್ ಹಬ್ಬಕ್ಕೆ 15 ದಿನ ಮೊದಲು ಮುಚ್ಚುತ್ತದೆ. ಒಣಹಣ್ಣು ಒಂದು ವಾರವಾದರೂ ನೆನೆಯಬೇಕು, ಬೆಂದ ಕೇಕ್ ಕೆಲವು ದಿನ ಕುಳಿತರೆ ಹೋಳು ಪುಡಿಯಾಗದೆ ಬರುತ್ತದೆ. ಬಿಸ್ಕತ್ತಿಗೆ ಹಬ್ಬಕ್ಕೆ ಏಳು ದಿನ ಮೊದಲಿನವರೆಗೂ ಸಮಯವಿದೆ. ಕ್ರೀಮ್ ಕೇಕ್‌ಗೆ ಐದು ದಿನ, ಆದರೆ ಅದು ಎಂಟೇ, 32ರೊಳಗೇ ಸೇರಿದೆ. ಸಂಖ್ಯೆ ತುಂಬಿದರೆ ದಿನಾಂಕಕ್ಕೆ ಮೊದಲೇ ನಿಲ್ಲಿಸುತ್ತೇನೆ.

ಕ್ರೀಮ್ ಕೇಕ್ ತಲುಪಿಸುವುದು ಐದು ಕಿಲೋಮೀಟರ್ ಒಳಗೆ ಮಾತ್ರ, ಅದೂ ಬೆಳಗ್ಗೆ ಹತ್ತರೊಳಗೆ. ಬಿಸಿಲೇರಿದ ಮೇಲೆ ಅರ್ಧ ಗಂಟೆಯ ದಾರಿಯಲ್ಲೇ ಅಂಚಿನ ಹೂವುಗಳು ಕರಗಿ ಜಾರುವುದನ್ನು ಕಂಡಿದ್ದೇನೆ. ಅದಕ್ಕಿಂತ ದೂರದವರು ತಾವೇ ಬಂದು ಒಯ್ಯಬೇಕು. ಕಾರಿನಲ್ಲಿ ಡಬ್ಬಿಯನ್ನು ಸೀಟಿನ ಮೇಲಿಡದೆ ಕೆಳಗೆ ಸಮತಟ್ಟಾದ ಜಾಗದಲ್ಲಿಡಿ. ಕೊರಿಯರ್‌ಗೆ ಬಿಸ್ಕತ್ತು ಮತ್ತು ಹಣ್ಣಿನ ಕೇಕ್ ಮಾತ್ರ.

ಹಣದ ವಿಷಯ. ಬೇಕಾದದ್ದು, ತೂಕ, ಮೊಟ್ಟೆ ಬೇಕೋ ಬೇಡವೋ, ಯಾವ ದಿನ ಎಂಬುದನ್ನು ಒಂದೇ ಸಂದೇಶದಲ್ಲಿ ಬರೆಯಿರಿ. ನಾನು ಒಟ್ಟು ಮೊತ್ತ ಮತ್ತು ಆರ್ಡರ್ ಸಂಖ್ಯೆ ಕಳುಹಿಸುತ್ತೇನೆ. 24 ಗಂಟೆಯೊಳಗೆ ಅರ್ಧ ಹಣ ಹಾಕಿ, ಟಿಪ್ಪಣಿಯಲ್ಲಿ ಆ ಸಂಖ್ಯೆ ನಮೂದಿಸಿ. ಹೋದ ಬಾರಿ ಒಂದೇ ಮೊತ್ತ ಇಬ್ಬರಿಂದ ಬಂದು, ಯಾರದು ಯಾವುದೆಂದು ಹುಡುಕುವುದರಲ್ಲಿ ಒಂದು ಸಂಜೆ ಕಳೆದಿತ್ತು. ಪಾವತಿಯ ಚಿತ್ರ ಕಳುಹಿಸಿದರೆ ಸಾಲದು. ಖಾತೆಗೆ ಹಣ ಬಂದುದನ್ನು ನೋಡಿ ನಾನು ‘ಖಚಿತ’ ಎಂದು ಬರೆದ ಮೇಲೆಯೇ ಆರ್ಡರ್ ಪಟ್ಟಿಗೆ ಸೇರುತ್ತದೆ. ಉಳಿದರ್ಧ ತಲುಪಿಸುವ ಹಿಂದಿನ ದಿನ ಬರಬೇಕು.

ಆರ್ಡರ್ ಮುಚ್ಚುವ ದಿನದವರೆಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಆಮೇಲೆ ಮುಂಗಡ ಹಿಂದಿರುಗಿಸುವುದಿಲ್ಲ, ಅಷ್ಟರಲ್ಲಿ ಬೆಣ್ಣೆ ಕೊಂಡಾಗಿರುತ್ತದೆ.

ಹಳೆಯ ಗ್ರಾಹಕರಿಂದ ಈಗಾಗಲೇ 11 ಕೇಕ್‌ಗಳಿಗೆ ಮುಂಗಡ ಬಂದಿದೆ. ಇನ್ನು 21 ಉಳಿದಿವೆ.